ಹಳೆಯ ಮೊಬೈಲಿಗೆ ಹೊಸ ಇಯರ್‌ಬಡ್

"ನನ್ನದು 2014ರ ಮೊಬೈಲ್, ಬ್ಲೂಟೂತ್ 4.0. ಅಳಿಯ ತಂದುಕೊಟ್ಟ ಇಯರ್‌ಬಡ್ ಡಬ್ಬಿಯ ಮೇಲೆ 5.3 ಎಂದಿದೆ. ತೊಗರಿ ಹೊಲದಲ್ಲಿ ಹಾಡು, ಕರೆ, ರೇಡಿಯೊ ಕೇಳಲು ಆಗುತ್ತದೆಯೇ?"

ಶರಣು ಅಣ್ಣ. ಹಾಡು ಮತ್ತು ಕರೆಗೆ ತೊಂದರೆಯಿಲ್ಲ, ರೇಡಿಯೊಗೆ ಇದೆ.

ಮೊಬೈಲ್, ಬಡ್ ಎರಡರಲ್ಲೂ ಬ್ಲೂಟೂತ್‌ನ ಅಂಕಿ ಒಂದೇ ಇರಬೇಕು ಎಂದು ನಿಮಗೆ ಉತ್ತರಿಸಿದ ಶಹಾಪುರದ ಅಣ್ಣನವರು ಮೇಲೆ ಬರೆದಿದ್ದಾರೆ. ಅದು ಅರ್ಧ ನಿಜ. ಎಲ್‌ಇ ಆಡಿಯೊ ಎಂಬ ಹೊಸ ವಿಧಾನಕ್ಕೆ ಮೊಬೈಲ್ ಸಹ ಹೊಸದೇ ಬೇಕು. ಆದರೆ ಪೇಟೆಯಲ್ಲಿ ಸಿಗುವ ಬಹುತೇಕ ಬಡ್‌ಗಳಲ್ಲಿ ಹಳೆಯ ವಿಧಾನವೂ ಇರುತ್ತದೆ. ನಿಮ್ಮ ಹಾಡು, ಕರೆ ಅದರಲ್ಲೇ ಹೋಗುತ್ತವೆ.

ನನ್ನ ಮೊಬೈಲ್ ಕೂಡ 4.0, ಆಂಡ್ರಾಯ್ಡ್ 4.4. ಮೊದಲ ದಿನ ಕರೆ ಕಿವಿಯಲ್ಲಿ ಕೇಳಿಸಿತು, ಹಾಡು ಮಾತ್ರ ಮೊಬೈಲಿನ ಸ್ಪೀಕರಿನಲ್ಲೇ ಮೊಳಗಿತು. ಬಡ್ ಕೆಟ್ಟಿದೆ ಎಂದು ಅಂಗಡಿಯವನ ಜೊತೆ ಜಗಳವಾಡಲು ಹೊರಟಿದ್ದೆ! ಬ್ಲೂಟೂತ್ ಪಟ್ಟಿಯಲ್ಲಿ ಬಡ್ ಹೆಸರಿನ ಪಕ್ಕದ ಚಕ್ರದ ಗುರುತನ್ನು ಒತ್ತಿ ನೋಡಿದರೆ `Phone audio` ಮುಂದೆ ಟಿಕ್ ಇತ್ತು, `Media audio` ಮುಂದೆ ಇರಲಿಲ್ಲ. ಅದನ್ನು ಹಾಕಿದೊಡನೆ ಸರಿಹೋಯಿತು. ಧ್ವನಿ ಸಣ್ಣದೆನಿಸಿದರೆ ಮೊಬೈಲಿನಲ್ಲಿ ಪೂರ್ತಿ ಏರಿಸಿ, ಬಡ್‌ನಲ್ಲೂ ಏರಿಸಿ. ಹಳೆಯ ಮೊಬೈಲುಗಳಲ್ಲಿ ಇವೆರಡೂ ಬೇರೆ ಬೇರೆ ಇರುತ್ತವೆ.

ಬಡ್ ಕಂಪನಿಯ ಆ್ಯಪ್ ನನ್ನ ಮೊಬೈಲಿಗೆ ಇಳಿಯಲೇ ಇಲ್ಲ. ಮಗನ ಮೊಬೈಲಿನಲ್ಲಿ ಹಾಕಿ, ಎರಡು ಸಲ ತಟ್ಟಿದರೆ ಏನಾಗಬೇಕು ಎಂಬುದನ್ನು ಅಲ್ಲೇ ಬದಲಿಸಿದೆ. ಆ ಬದಲಾವಣೆ ಬಡ್‌ನಲ್ಲೇ ಉಳಿಯಿತು. ಆದರೆ ಮಗ ಮನೆಯಲ್ಲಿದ್ದಾಗಲೆಲ್ಲ ಬಡ್ ಅವನ ಮೊಬೈಲಿಗೇ ಓಡುತ್ತಿತ್ತು. ಅವನ ಪಟ್ಟಿಯಿಂದ ಅಳಿಸಿದ ಮೇಲೆ ನಿಂತಿತು.

ರೇಡಿಯೊ ವಿಷಯಕ್ಕೆ ಬರುತ್ತೇನೆ. ಮೊಬೈಲಿನ ಎಫ್‌ಎಂಗೆ ವೈರಿನ ಇಯರ್‌ಫೋನೇ ಆಂಟೆನಾ. ವೈರ್ ಇಲ್ಲದಿದ್ದರೆ ಹೆಚ್ಚಿನ ಮೊಬೈಲುಗಳಲ್ಲಿ ನಿಲ್ದಾಣವೇ ಸಿಗುವುದಿಲ್ಲ. ವೈರ್ ಚುಚ್ಚಿಟ್ಟರೂ ಆ ಧ್ವನಿಯನ್ನು ಬಡ್‌ಗೆ ಕಳಿಸುವ ಸೌಲಭ್ಯ ಬಹಳ ಮೊಬೈಲುಗಳಲ್ಲಿಲ್ಲ; ನನ್ನದರಲ್ಲೂ ಇಲ್ಲ. ಆಕಾಶವಾಣಿಯನ್ನು ಇಂಟರ್‌ನೆಟ್ ಮೂಲಕ ಹಚ್ಚಿದರೆ ಬಡ್‌ನಲ್ಲಿ ಕೇಳಿಸುತ್ತದೆ, ಡೇಟಾ ಖರ್ಚಾಗುತ್ತದೆ. ನಾನಂತೂ ಕೃಷಿ ಕಾರ್ಯಕ್ರಮಕ್ಕೆ ಹಳೆಯ ವೈರನ್ನೇ ಜೇಬಿನಲ್ಲಿಟ್ಟುಕೊಂಡು ಹೋಗುತ್ತೇನೆ.

ಹೊಲದಲ್ಲಿ ಧ್ವನಿ ತುಂಡಾದರೆ ಹಾಟ್‌ಸ್ಪಾಟ್ ಆರಿಸಿ ನೋಡಿ. ಹಳೆಯ ಮೊಬೈಲಿನ ಹಾಟ್‌ಸ್ಪಾಟ್ ವೈಫೈ ಮತ್ತು ಬ್ಲೂಟೂತ್ ಎರಡೂ ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್‌ನಲ್ಲೇ ನಡೆಯುವುದರಿಂದ ಒಂದಕ್ಕೊಂದು ಅಡ್ಡ ಬರುತ್ತವೆ. ಬಾಗಿ ಕಳೆ ಕೀಳುವಾಗ ಮೊಬೈಲ್ ಹಿಂದಿನ ಜೇಬಿನಲ್ಲಿದ್ದರೂ ತುಂಡಾಗಬಹುದು, ಮೈಯೇ ಅಲೆಯನ್ನು ತಡೆಯುತ್ತದೆ. ಅಂಗಿಯ ಜೇಬು ಮೇಲು.

ಸೇಡಂನ ಅಕ್ಕ, ನಿಮ್ಮ ಎಡಗಿವಿಯ ಬಡ್ ಮಾತ್ರ ಸುಮ್ಮನಾಗುವುದು ಮೊಬೈಲ್ ಹಳೆಯದಾದ ಕಾರಣಕ್ಕೆ ಇರಲಾರದು ಎನಿಸುತ್ತದೆ. ಎರಡನ್ನೂ ಚಾರ್ಜ್ ಮಾಡುವ ಡಬ್ಬಿಗೆ ಹಾಕಿ ತೆಗೆದು, ಮನೆಯವರ ಹೊಸ ಮೊಬೈಲಿಗೆ ಜೋಡಿಸಿ ನೋಡಿ, ಅಲ್ಲೂ ಹಾಗೇ ಆದರೆ ಇಲ್ಲೇ ತಿಳಿಸಿ.