ಕುಡಿದ ಮರುದಿನದ ಆತಂಕ ಏಕೆ?

ಪ್ರಶ್ನೆ: ರಾತ್ರಿ ಪಾರ್ಟಿಯಲ್ಲಿ ಜಾಸ್ತಿ ಕುಡಿದರೆ ಮರುದಿನ ಕಾರಣವೇ ಇಲ್ಲದೆ ಎದೆ ಡವಗುಟ್ಟಿ ಭಯವಾಗುತ್ತದೆ. ಇದು ಏಕೆ?

ಉತ್ತರ: ಮದ್ಯವು ಬಲವಂತವಾಗಿ ಶಾಂತಗೊಳಿಸಿದ್ದ ಮಿದುಳು, ಅದರ ಪ್ರಭಾವ ಇಳಿದೊಡನೆ ಅಗತ್ಯಕ್ಕಿಂತ ಹೆಚ್ಚು ಎಚ್ಚರಗೊಳ್ಳುವುದೇ ಇದಕ್ಕೆ ಮುಖ್ಯ ಕಾರಣ.

ನರಕೋಶಗಳನ್ನು ತಣಿಸುವ ಗಾಬಾ ಎಂಬ ರಾಸಾಯನಿಕದ ಪರಿಣಾಮವನ್ನು ಮದ್ಯ ಹೆಚ್ಚಿಸುತ್ತದೆ, ಅವುಗಳನ್ನು ಕೆರಳಿಸುವ ಗ್ಲುಟಮೇಟ್‌ನ ಪರಿಣಾಮವನ್ನು ತಗ್ಗಿಸುತ್ತದೆ. ಸಮತೋಲನ ಕಾಯ್ದುಕೊಳ್ಳಲು ಮಿದುಳು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಹೊಂದಿಕೊಳ್ಳುತ್ತದೆ. ಆದರೆ ಮದ್ಯ ಹೋದಷ್ಟು ಬೇಗ ಈ ಹೊಂದಾಣಿಕೆ ಹಿಂದಕ್ಕೆ ಸರಿಯುವುದಿಲ್ಲ.

ರಾತ್ರಿ 9ರಿಂದ 12ರವರೆಗೆ ಒಬ್ಬರು 60 ಮಿ.ಲೀ.ನ ನಾಲ್ಕು ಪೆಗ್ ವಿಸ್ಕಿ ಕುಡಿದರೆನ್ನೋಣ. ಅದರಲ್ಲಿ ಸುಮಾರು 80 ಗ್ರಾಂ ಶುದ್ಧ ಮದ್ಯಸಾರವಿದ್ದು, ಯಕೃತ್ತು ಗಂಟೆಗೆ ಏಳೆಂಟು ಗ್ರಾಂನಂತೆ ಕರಗಿಸುವುದರಿಂದ, ರಕ್ತ ತಿಳಿಯಾಗುವ ಹೊತ್ತಿಗೆ ಬೆಳಗಿನ 7–8 ಗಂಟೆಯಾಗಿರುತ್ತದೆ. ತಣಿಸುವ ಶಕ್ತಿ ಕುಂದಿ ಕೆರಳಿಸುವ ಶಕ್ತಿ ಮೇಲುಗೈ ಸಾಧಿಸಿರುವ ಆ ಹೊತ್ತಿನಲ್ಲೇ ಆತಂಕ ಏಳುತ್ತದೆ. ಅಡ್ರಿನಲಿನ್‌ನಂಥ ಒತ್ತಡದ ಹಾರ್ಮೋನುಗಳು, ಅರೆಬರೆ ನಿದ್ದೆ ಮತ್ತು ನೀರಿನ ಕೊರತೆಯಿಂದ ಎದೆಬಡಿತ ಏರಿದಾಗ, ಮನಸ್ಸು ಅದನ್ನೇ ಭಯವೆಂದು ಓದಿಕೊಳ್ಳುತ್ತದೆ. ನಿನ್ನೆ ಏನು ಮಾತಾಡಿಬಿಟ್ಟೆನೋ ಎಂಬ ಅಳುಕು ಬೇರೆ!

ಬೆಳಿಗ್ಗೆ ಮತ್ತೊಂದು ಪೆಗ್ ಏರಿಸಿದರೆ ಆತಂಕ ತಗ್ಗಿದಂತೆ ಕಂಡರೂ, ಅದು ಮುಂದಕ್ಕೆ ಹೋಗುತ್ತದಷ್ಟೇ. ಸಾಮಾನ್ಯವಾಗಿ ಒಂದು ದಿನದೊಳಗೆ ಇದು ತಾನಾಗಿ ಇಳಿಯುತ್ತದೆ. ನಿತ್ಯ ಕುಡಿಯುವವರು ನಿಲ್ಲಿಸಿದಾಗ ಕೈನಡುಕ, ವಿಪರೀತ ಬೆವರು, ಭ್ರಮೆ ಅಥವಾ ಫಿಟ್ಸ್ ಕಾಣಿಸಿಕೊಂಡರೆ ಅದು ಇದೇ ಪ್ರಕ್ರಿಯೆಯ ಅಪಾಯಕಾರಿ ರೂಪ. ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.