‘ಉಳ್ಳವರು’ ಹಾಗೇ ಇರಲಿ, ‘ಮಾಡುವರು’ ಬದಲಾಗಲಿ

ಪ್ರಶ್ನೆ: ನಾವು ಗುಬ್ಬಿಯವರು. ಮಗಳ ಶಾಲೆಯ ಬಸವ ಜಯಂತಿಗೆ ‘ಉಳ್ಳವರು ಶಿವಾಲಯವ ಮಾಡುವರು’ ವಚನವನ್ನು ಈಗಿನ ಕನ್ನಡದಲ್ಲಿ ಬರೆದುಕೊಡಬೇಕು. ಹಳೆ ಪದಗಳಿಗೆಲ್ಲ ಹೊಸ ಪದ ಹಾಕೋಕೆ ಯಾವ ನಿಘಂಟು ಒಳ್ಳೆಯದು?

ನಿಘಂಟು ಮುಚ್ಚಿಡಿ. ತುಮಕೂರಿನ ಮಕ್ಕಳಿಗಾಗಿ ಇದೇ ವಚನದ ಜೊತೆ ಗುದ್ದಾಡಿದವನು ನಾನು, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ. ಇಲ್ಲಿ ಹಳೆಯದಾಗಿರುವುದು ಪದಗಳಲ್ಲ, ಪದಗಳ ಬಾಲ. ಬಾಲ ಬದಲಿಸಿ, ಪದ ಬಿಟ್ಟುಬಿಡಿ.

ಮೂಲ ಪಾಠವನ್ನು ವಾಟ್ಸಾಪಿನಿಂದ ಎತ್ತಬೇಡಿ. ಸರ್ಕಾರ ಪ್ರಕಟಿಸಿದ ‘ಸಮಗ್ರ ವಚನ ಸಂಪುಟ’ದ ಮೊದಲ ಸಂಪುಟ ಪೂರ್ತಿ ಬಸವಣ್ಣನವರದು, ಅದನ್ನು ನೋಡಿ:

ಉಳ್ಳವರು ಶಿವಾಲಯವ ಮಾಡುವರು,
ನಾನೇನ ಮಾಡುವೆ ಬಡವನಯ್ಯಾ.
ಎನ್ನ ಕಾಲೇ ಕಂಬ, ದೇಹವೇ ದೇಗುಲ,
ಶಿರವೇ ಹೊನ್ನ ಕಳಸವಯ್ಯಾ.
ಕೂಡಲಸಂಗಮದೇವಾ ಕೇಳಯ್ಯಾ,
ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ.

ಮೊದಲು ಸಂಧಿ ಬಿಡಿಸಿ. ‘ಸ್ಥಾವರಕ್ಕಳಿವುಂಟು’ ಅಂದರೆ ಸ್ಥಾವರಕ್ಕೆ, ಅಳಿವು, ಉಂಟು. ಮಕ್ಕಳು ತಡವರಿಸುವುದು ಇಲ್ಲೇ, ಬಿಡಿಸಿದರೆ ಅರ್ಧ ಕೆಲಸ ಮುಗಿಯಿತು. ಆಮೇಲೆ ‘ಎನ್ನ’ ಅನ್ನುವುದು ‘ನನ್ನ’ ಆಗಲಿ, ‘ಶಿವಾಲಯವ’ದ ಕೊನೆಯ ‘ವ’ ಹೋಗಲಿ. ಸಾಲು ಎಲ್ಲಿ ಮುರಿಯಬೇಕೆಂದು ತಲೆ ಕೆಡಿಸಿಕೊಳ್ಳಬೇಡಿ. ಓಲೆಗರಿಯಲ್ಲಿ ವಚನಗಳನ್ನು ಒಂದೇ ಸಮನೆ ಬರೆಯುತ್ತಿದ್ದರು, ಈ ಸಾಲುಗಳು ಸಂಪಾದಕರು ಮಾಡಿದ್ದು.

ಕ್ರಿಯಾಪದದಲ್ಲಿ ಮಾತ್ರ ಹುಷಾರು. ‘ಮಾಡುವರು’ ಇವತ್ತಿನ ಕಿವಿಗೆ ಮುಂದೆಂದೋ ಮಾಡುವ ಕೆಲಸದಂತೆ ಕೇಳುತ್ತದೆ. ಆಗಿನ ಕನ್ನಡದಲ್ಲಿ ಅದು ರೂಢಿಯನ್ನೂ ಹೇಳುತ್ತಿತ್ತು, ಹಾಗಾಗಿ ‘ಮಾಡುತ್ತಾರೆ’. ಆದರೆ ‘ಮಾಡುವೆ’ಯನ್ನು ಅದೇ ಲೆಕ್ಕದಲ್ಲಿ ‘ಮಾಡುತ್ತೇನೆ’ ಎಂದರೆ ಕೈಲಾಗದವನ ದನಿ ಹೋಗಿಬಿಡುತ್ತದೆ. ಅಲ್ಲಿ ‘ಮಾಡಲಿ’ ಬೇಕು. ಎರಡು ಕಡೆಯೂ ಧಾತು ಮಾತ್ರ ‘ಮಾಡು’ ಎಂದೇ ಇರಬೇಕು. ‘ದೇವಸ್ಥಾನ ಕಟ್ಟಿಸುತ್ತಾರೆ, ನಾನೇನು ಮಾಡಲಿ’ ಎಂದು ಬರೆದವರನ್ನು ನೋಡಿದ್ದೇನೆ. ಅರ್ಥ ಸರಿಯೇ, ಆದರೆ ಅವರು ಮಾಡುವುದಕ್ಕೂ ನಾನು ಮಾಡಲಾಗದ್ದಕ್ಕೂ ಇದ್ದ ತಾಳೆ ತಪ್ಪಿತು.

‘ಉಳ್ಳವರು’ ಹೋಗಿ ‘ಶ್ರೀಮಂತರು’ ಬರುವುದೂ ಬೇಡ. ನಮ್ಮ ಕಡೆ ಇವತ್ತಿಗೂ ‘ಉಳ್ಳೋರ ಮಾತೇ ಬೇರೆ’ ಅನ್ನುತ್ತಾರಲ್ಲ! ಯುಗಾದಿಗೆ ಹೊನ್ನಾರು ಹೂಡುವ ಜಿಲ್ಲೆಯಲ್ಲಿ ‘ಹೊನ್ನು’ ಯಾರಿಗೆ ಕಷ್ಟ? ‘ದೇಹವೇ ದೇಗುಲ’ವನ್ನು ‘ಮೈಯೇ ಗುಡಿ’ ಮಾಡಿದರೆ ‘ಕಾಲೇ ಕಂಬ’ದ ಪಕ್ಕ ಅದು ಸೊರಗುತ್ತದೆ.

ಎಲ್ಲ ಕೆಡುವುದು ಕೊನೆಯ ಸಾಲಿನಲ್ಲಿ, ಅದೂ ಒಂದೇ ಬಾಲದಿಂದ. ‘ಜಂಗಮಕ್ಕೆ’ ಎಂಬುದನ್ನು ‘ಜಂಗಮರಿಗೆ’ ಎಂದು ತಿದ್ದುವವರು ಬಹಳ ಜನ. ಊರಿನಲ್ಲಿ ಜಂಗಮರು ಅಂದರೆ ಅಯ್ಯನವರ ಮನೆತನ. ಆ ಬಳಕೆ ಕಿವಿಯಲ್ಲಿ ಕೂತಿರುವುದರಿಂದ ಕೈ ತಾನಾಗಿ ಅತ್ತ ಹೋಗುತ್ತದೆ. ಆದರೆ ಮೂಲದಲ್ಲಿರುವುದು ನಪುಂಸಕಲಿಂಗದ ‘ಕ್ಕೆ’. ವಚನಗಳಲ್ಲಿ ಜಂಗಮ ಎಂದರೆ ಚಲಿಸುವಂಥದ್ದೂ ಹೌದು, ನಡೆದಾಡುವ ಶಿವರೂಪವೆಂದು ಶರಣರು ಕಂಡ ಭಕ್ತನೂ ಹೌದು. ಎರಡಕ್ಕೂ ‘ಜಂಗಮಕ್ಕೆ’ ಒಪ್ಪುತ್ತದೆ. ‘ಜಂಗಮರಿಗೆ’ ಎಂದಿರೋ, ಕೆಲವು ಮನುಷ್ಯರು ಸಾಯುವುದಿಲ್ಲ ಎಂಬ ಸುಳ್ಳು ಉಳಿಯುತ್ತದೆ. ‘ಚಲಿಸುವುದಕ್ಕೆ’ ಎಂದಿರೋ, ಭಕ್ತ ಜಾಗ ಖಾಲಿ ಮಾಡುತ್ತಾನೆ. ‘ಅಳಿವು’ ಇದ್ದಲ್ಲಿ ‘ಸಾವು’ ಹಾಕಿದರೂ ಇದೇ ಗತಿ, ಕಲ್ಲಿನ ಗುಡಿ ಸಾಯುವುದಿಲ್ಲ, ಅಳಿಯುತ್ತದೆ.

ಹಾಗಾಗಿ ಸ್ಥಾವರ, ಜಂಗಮ ಎರಡನ್ನೂ ಮುಟ್ಟದೆ, ಕೆಳಗೆ ಒಂದು ಸಾಲು ಟಿಪ್ಪಣಿ ಕೊಡಿ: ‘ಸ್ಥಾವರ: ಒಂದೆಡೆ ನಿಂತದ್ದು, ಇಲ್ಲಿ ಕಟ್ಟಿದ ಗುಡಿ. ಜಂಗಮ: ಚಲಿಸುವಂಥದ್ದು, ಶಿವನೇ ಎಂದು ಶರಣರು ಕಂಡ ಭಕ್ತನೂ.’ ಟಿಪ್ಪಣಿ ಇಲ್ಲದಿದ್ದರೆ ಈಗಿನ ಮಕ್ಕಳಿಗೆ ಸ್ಥಾವರ ಅಂದರೆ ವಿದ್ಯುತ್ ಸ್ಥಾವರವೇ.

ಇಷ್ಟಾದ ಮೇಲೆ ನನ್ನ ಪಾಠ ಹೀಗಿದೆ:

ಉಳ್ಳವರು ಶಿವಾಲಯ ಮಾಡುತ್ತಾರೆ,
ನಾನೇನು ಮಾಡಲಿ, ಬಡವನಯ್ಯಾ.
ನನ್ನ ಕಾಲೇ ಕಂಬ, ದೇಹವೇ ದೇಗುಲ,
ಶಿರವೇ ಹೊನ್ನಿನ ಕಳಸವಯ್ಯಾ.
ಕೂಡಲಸಂಗಮದೇವಾ, ಕೇಳಯ್ಯಾ,
ಸ್ಥಾವರಕ್ಕೆ ಅಳಿವುಂಟು, ಜಂಗಮಕ್ಕೆ ಅಳಿವಿಲ್ಲ.

ಮೇಷ್ಟ್ರು ಯಾರಾದರೂ ‘ಕೇಳಯ್ಯಾ’ ಬದಲು ‘ಕೇಳಿರಿ ಸ್ವಾಮಿ’ ಎಂದು ತಿದ್ದಲು ಬಂದರೆ ಒಪ್ಪಬೇಡಿ. ಬಸವಣ್ಣನವರು ಕೂಡಲಸಂಗಮನನ್ನು ಏಕವಚನದಲ್ಲೇ ಮಾತಾಡಿಸುವುದು, ಆ ಸಲುಗೆಯೂ ಪಾಠದ ಭಾಗವೇ.