ಮುದ್ದೆ ತಿಂದ್ರೂ ತೂಕ ಯಾಕೆ ಇಳೀತಿಲ್ಲ?

"ಸಂಪಾದಕರೇ, ಎರಡು ತಿಂಗಳಿಂದ ಮಧ್ಯಾಹ್ನ ಅರ್ಧ ಅನ್ನ ಬಿಟ್ಟು ಒಂದು ರಾಗಿ ಮುದ್ದೆ ತಿಂತಿದೀನಿ, ರಾತ್ರಿ ಜೋಳದ ರೊಟ್ಟಿ. ತೂಕ ಮಾತ್ರ ಅಷ್ಟೇ ಇದೆ. ಸಿರಿಧಾನ್ಯ ತಿಂದ್ರೆ ಬೊಜ್ಜು ಕರಗುತ್ತೆ ಅನ್ನೋದು ಸುಳ್ಳಾ?"
— ಓದುಗರೊಬ್ಬರು, ತುಮಕೂರು

ಸುಳ್ಳು ಅನ್ನಲ್ಲ ಕಣಮ್ಮ, ಆದ್ರೆ ಮುದ್ದೆ ಕಟ್ಟೋ ಮುಂಚೆ ಹಿಟ್ಟು ತೂಗಿದ್ರಾ? ಕೈತುಂಬಾ ಬರೋ ಒಂದು ಮುದ್ದೆಗೆ ಆರಾಮಾಗಿ 100 ಗ್ರಾಂ ಹಿಟ್ಟು ಹಿಡಿಯುತ್ತೆ, ಅಂದ್ರೆ ಸುಮಾರು 320 ಕ್ಯಾಲೊರಿ. ಮೊದಲು ನೀವು 100 ಗ್ರಾಂ ಅಕ್ಕಿಯ ಅನ್ನ ಉಣ್ತಿದ್ರಿ ಅಂದ್ಕೊಳ್ಳಿ, ಅದು 355ರ ಆಸುಪಾಸು. ಈಗ 50 ಗ್ರಾಂ ಅಕ್ಕಿ ಜೊತೆಗೆ ಆ ಮುದ್ದೆ, ಒಟ್ಟು ಹತ್ತಿರ ಹತ್ತಿರ 500! ಅನ್ನ ಕಮ್ಮಿ ಮಾಡಿದೀನಿ ಅನ್ನೋ ಸಮಾಧಾನದಲ್ಲಿ ಊಟ ದೊಡ್ಡದಾಗಿದೆ ಅಷ್ಟೇ. ಸರಿಯಾಗಿ 50 ಗ್ರಾಂ ಅಕ್ಕಿ ತೆಗೆದು 50 ಗ್ರಾಂ ರಾಗಿ ಹಾಕಿದ್ರೂ ಉಳಿಯೋದು 20 ಕ್ಯಾಲೊರಿಗಿಂತ ಕಮ್ಮಿ, ಒಂದು ಟೀ ಚಮಚ ಎಣ್ಣೆ 45 ಅಂದ್ಮೇಲೆ ನೀವೇ ಲೆಕ್ಕ ಹಾಕಿ.

ರಾಗೀಲಿ ನಾರು ಜಾಸ್ತಿ, ಒಪ್ಪಿದೆ. 100 ಗ್ರಾಂಗೆ 11 ಗ್ರಾಂ ಇದ್ರೆ ಪಾಲಿಶ್ ಅಕ್ಕೀಲಿ 3 ಗ್ರಾಂ ಕೂಡ ಇಲ್ಲ. ಆದ್ರೆ ನಾರು ಬೊಜ್ಜು ಕರಗಿಸಲ್ಲ, ಹೊಟ್ಟೆ ತುಂಬಿದ ಹಾಗೆ ಇರಿಸುತ್ತೆ. ಅದರಿಂದ ಎರಡನೇ ಸಲ ಅನ್ನ ಬಡಿಸ್ಕೊಳ್ಳೋದು, ಸಂಜೆ ಐದಕ್ಕೆ ಚಕ್ಕುಲಿ ಡಬ್ಬಿ ತೆಗೆಯೋದು ನಿಂತ್ರೆ ಮಾತ್ರ ಲಾಭ. ಸಂಜೆ ಹಸಿವು ಮೊದಲಿನ ಹಾಗೇ ಇದೆಯಾ ನೋಡ್ಕೊಳ್ಳಿ, ಇದ್ರೆ ಮುದ್ದೆ ಜೊತೆ ಬಸ್ಸಾರು, ಕಾಳು, ಸೊಪ್ಪಿನ ಪಲ್ಯ ಜಾಸ್ತಿ ಮಾಡ್ಕೊಳ್ಳಿ, ಮುದ್ದೆ ಅಲ್ಲ.

ರೊಟ್ಟಿ ಕಥೆನೂ ಅಷ್ಟೇ, ಜೋಳದ ರೊಟ್ಟಿಗೆ ಎಣ್ಣೆ ಬೇಡವೇ ಬೇಡ, ಪಾಪ ಅದರ ತಪ್ಪೇನು, ತಟ್ಟೆ ಪಕ್ಕದಲ್ಲಿ ಎಣ್ಣೆಗಾಯಿ ಮೇಲೆ ತೇಲೋ ಎಣ್ಣೆ, ಶೇಂಗಾ ಚಟ್ನಿ ಪುಡಿಗೆ ಇನ್ನೆರಡು ಚಮಚ, ಆಮೇಲೆ ಬೈಗುಳ ಮಾತ್ರ ಅನ್ನಕ್ಕೆ.

ನನಗೆ ಅನ್ನದ ಮೇಲೆ ಪ್ರೀತಿ, ಮುಚ್ಚಿಡೋದೇನಿಲ್ಲ. ಹೊಲದಲ್ಲಿ ಬೆವರು ಹರಿಸಿ ಎರಡು ಮುದ್ದೆ ನುಂಗ್ತಿದ್ದೋರನ್ನ ತೋರಿಸಿ, ದಿನವಿಡೀ ಕುರ್ಚೀಲಿ ಕೂರೋರಿಗೂ ಅದೇ ಅಳತೆ ಹೇಳಿದ್ರೆ ಹೇಗೆ? ಹಳೇ ಮೈಸೂರು ಕಡೆ ಮುದ್ದೆ ಊಟ, ಅದು ಡಯಟ್ ಅಂತ ಆಗಿದ್ದು ಇತ್ತೀಚೆಗೆ. 2023ನ್ನ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಸಾರಿದ್ಮೇಲಂತೂ ಅಂಗಡೀಲಿ ರಾಗಿ ಬಿಸ್ಕತ್ತು, ನವಣೆ ನೂಡಲ್ಸ್, ಸಜ್ಜೆ ಕುಕೀಸ್, ಏನುಂಟು ಏನಿಲ್ಲ! ಪ್ಯಾಕೆಟ್ ತಿರುಗಿಸಿ ಓದ್ರಿ, ಜಾಸ್ತಿ ಇರೋ ಪದಾರ್ಥ ಮೊದಲು ಬರೀಬೇಕು ಅನ್ನೋದು ನಿಯಮ, ಎಷ್ಟೋ ಕಡೆ ಮೈದಾ, ಸಕ್ಕರೆ, ಪಾಮ್ ಎಣ್ಣೆ ಆದ್ಮೇಲೆ ರಾಗಿ ಸರದಿ.

ನೀವು ಸದ್ಯಕ್ಕೆ ಹೀಗೆ ಮಾಡಿ: ಮುದ್ದೆಗೆ 50 ಗ್ರಾಂ ಹಿಟ್ಟು, ಅಕ್ಕಿ 30 ಗ್ರಾಂ, ಎರಡನ್ನೂ ಬೇಯಿಸೋ ಮುಂಚೆ ತೂಗಿ. ಒಂದು ತಿಂಗಳಾದ್ಮೇಲೆ ಮತ್ತೆ ಬರೀರಿ, ಎಣ್ಣೆ ಡಬ್ಬಿ ಎಷ್ಟು ದಿನಕ್ಕೆ ಖಾಲಿ ಆಯ್ತು ಅನ್ನೋದನ್ನೂ ಸೇರಿಸಿ.